ಅಮ್ಮನ ಜಾಗ ಅಮ್ಮನಿಗೇ ಇರಲಿ

ತಾಯಿ ತೀರಿಕೊಂಡು ಎರಡು ವರ್ಷವಾದ ಮೇಲೆ ಅಪ್ಪ ಮರುಮದುವೆಯಾದ ಒಂದು ಮನೆ ಎಂದುಕೊಳ್ಳಿ. ಮಗಳಿಗೆ ಹನ್ನೊಂದು ವರ್ಷ. ಧಾರೆ ಮುಗಿಯುತ್ತಿದ್ದಂತೆ ಹಿರಿಯರು ಯಾರಾದರೂ ಹುಡುಗಿಯನ್ನು ಮುಂದಕ್ಕೆ ಕರೆದು, "ಇವತ್ತಿಂದ ಇವರೇ ನಿನ್ನ ಅಮ್ಮ ಕಣಮ್ಮ, ಅಮ್ಮಾ ಅಂತಲೇ ಕರಿ" ಎನ್ನುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಆದರೆ ಮಗುವಿಗೆ ಅದು ಕೇಳಿಸುವುದು, ನಿನ್ನ ಅಮ್ಮನನ್ನು ಇನ್ನು ಮರೆತುಬಿಡು ಎಂದು.

ಹೊಸಬರು ಎಷ್ಟೇ ಒಳ್ಳೆಯವರಾದರೂ ಮಗು ಒಂದು ಇಕ್ಕಟ್ಟಿಗೆ ಸಿಕ್ಕಿಬೀಳುತ್ತದೆ. ಇವರನ್ನು ಇಷ್ಟಪಟ್ಟರೆ ಅಮ್ಮನಿಗೆ ದ್ರೋಹ ಮಾಡಿದಂತೆ ಅಲ್ಲವೇ ಎಂಬ ಅಳುಕು ಅದು. ಇಂಥ ಕುಟುಂಬಗಳೊಡನೆ ದಶಕಗಳ ಕಾಲ ಕೆಲಸ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಪೇಪರ್‌ನೌ ಇದನ್ನು ವಿವರವಾಗಿ ಬರೆದಿದ್ದಾರೆ. ಮಲತಾಯಿ ಒಳ್ಳೆಯವಳಾದಷ್ಟೂ ಈ ಅಳುಕು ಹೆಚ್ಚಬಹುದು. ಭಾನುವಾರ ಜೊತೆಯಲ್ಲಿ ಜಾತ್ರೆಗೆ ಹೋಗಿ, ನಕ್ಕು, ಬಳೆ ಕೊಡಿಸಿಕೊಂಡು ಬಂದ ಹುಡುಗಿ ಸೋಮವಾರ ಬೆಳಿಗ್ಗೆ ಮುಖ ತಿರುಗಿಸಿ, ಕಟ್ಟಿಕೊಟ್ಟ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಶಾಲೆಗೆ ಹೋಗುತ್ತಾಳೆ. "ಎಷ್ಟು ಮಾಡಿದರೂ ಅಷ್ಟೇ" ಎಂದು ಚಿಕ್ಕಮ್ಮ ಕೈಚೆಲ್ಲುವುದು ಇಂಥ ಹೊತ್ತಿನಲ್ಲಿ. ಆದರೆ ಒಳ್ಳೆಯ ದಿನದ ಬೆನ್ನಿಗೇ ಬರುವ ಮುನಿಸು ಬಹುಪಾಲು ದ್ವೇಷವಲ್ಲ, ಆ ಅಳುಕು. ಪ್ರಶ್ನಿಸದೆ, ಮರುದಿನವೂ ಡಬ್ಬಿ ಕಟ್ಟಿಡುವುದೇ ಅದಕ್ಕೆ ಸರಿಯಾದ ಉತ್ತರ.

ಎರಡನೆಯ ತೊಡಕು ಶಿಸ್ತಿನದು. ರಾತ್ರಿ ಮೊಬೈಲ್ ಹಿಡಿದು ಕೂತವಳಿಗೆ ಚಿಕ್ಕಮ್ಮ "ಸಾಕು, ಇಡು" ಎಂದಳೋ, "ನೀವ್ಯಾರು ಹೇಳೋಕೆ?" ಎಂಬ ಮಾತು ಸಿಡಿಯುತ್ತದೆ. ಬಂಧ ಕೂಡಿಬರುವ ಮೊದಲೇ ಗದರುವ ಅಧಿಕಾರವನ್ನು ಕೈಗೆತ್ತಿಕೊಂಡರೆ ಆಗುವುದೇ ಹೀಗೆ. ಮೊದಲ ಒಂದೆರಡು ವರ್ಷ ನಿಯಮ ಮಾಡುವುದು, ದಂಡಿಸುವುದು ಹೆತ್ತವರ ಕೆಲಸವಾಗಿಯೇ ಉಳಿಯಬೇಕು. ಅಪ್ಪ ಇಬ್ಬರೆದುರೂ ಸ್ಪಷ್ಟವಾಗಿ ಹೇಳಲಿ: "ಒಂಬತ್ತು ಗಂಟೆಗೆ ಮೊಬೈಲ್ ಇಡಬೇಕು. ನಾನು ಮನೇಲಿ ಇಲ್ಲದಾಗ ಚಿಕ್ಕಮ್ಮ ನೆನಪಿಸ್ತಾರೆ." ಆಗ ಆಕೆ "ಅಪ್ಪ ಹೇಳಿದ್ದಾರಲ್ಲ, ಒಂಬತ್ತಾಯ್ತು" ಎಂದರೆ ಸಾಕು. ಅಪ್ಪನ ಮಾತನ್ನು ತಲುಪಿಸುವವಳಾಗುತ್ತಾಳೆಯೇ ಹೊರತು ಅಮ್ಮನ ಸ್ಥಾನದಲ್ಲಿ ನಿಂತು ಆಜ್ಞೆ ಮಾಡಿದಂತಾಗುವುದಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಅಪ್ಪಂದಿರು ಈ ಹೊಣೆಯನ್ನೇ ಜಾರಿಸಿಬಿಡುತ್ತಾರೆ. ಮದುವೆಯಾಯಿತು, ಇನ್ನು ಮಗಳನ್ನು ಅವಳೇ ನೋಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳುತ್ತಾರೆ. ಮಲತಾಯಿಯ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಈ ಅಪ್ಪನ ಪಾಲಿನವು. ವಾರಕ್ಕೊಮ್ಮೆಯಾದರೂ ಅಪ್ಪ ಮಗಳೊಬ್ಬಳನ್ನೇ ಹೊರಗೆ ಕರೆದುಕೊಂಡು ಹೋಗಬೇಕು. ಅಪ್ಪನೂ ಕೈತಪ್ಪಿದ ಎಂಬ ಭಯ ಹೋದರೆ ಹೊಸಬರ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಇನ್ನು ಇಲ್ಲದ ತಾಯಿಯ ವಿಷಯ. ಗೋಡೆಯ ಮೇಲಿನ ಫೋಟೊ, ಬೀರುವಿನಲ್ಲಿರುವ ಸೀರೆ ಇವನ್ನು ಮಗುವನ್ನು ಕೇಳದೆ ಮುಟ್ಟಬಾರದು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಾದರೆ ಚಿಕ್ಕಮ್ಮನಿಗೆ ಅದೊಂದು ದಾರಿ. "ನಿಮ್ಮ ಅಮ್ಮನಿಗೆ ಏನು ಇಷ್ಟ ಇತ್ತು?" ಎಂದು ಹುಡುಗಿಯನ್ನೇ ಕೇಳಬಹುದು. ಕರ್ಜಿಕಾಯಿ ಎಂದರೆ, "ಅಮ್ಮ ಹೂರಣಕ್ಕೆ ಕೊಬ್ಬರಿ ಹಾಕ್ತಿದ್ದರಾ, ಕಡ್ಲೆ ಹಾಕ್ತಿದ್ದರಾ?" ಎಂದು ಮುಂದುವರಿಸಬಹುದು. ಹುಡುಗಿ ಹೇಳುತ್ತಾಳೆ, ಇವಳು ಲಟ್ಟಿಸುತ್ತಾಳೆ, ಎಡೆಯನ್ನು ಮಗಳೇ ಬಡಿಸುತ್ತಾಳೆ. ಅಮ್ಮನನ್ನು ಈ ಮನೆಯಲ್ಲಿ ಹೆಸರು ಹಿಡಿದು ನೆನೆಯಬಹುದು ಎಂಬುದು ಮಗುವಿಗೆ ಅಂದು ಖಾತ್ರಿಯಾಗುತ್ತದೆ. ವಿಚ್ಛೇದನವಾಗಿ ತಾಯಿ ಬೇರೆ ಊರಿನಲ್ಲಿದ್ದರೆ, ಅವಳ ಫೋನ್ ಬಂದಾಗ ಮಗುವಿನ ಕೈಗೆ ಕೊಟ್ಟು ಎದ್ದು ಹೋಗುವುದು, ಅವಳ ಬಗ್ಗೆ ಹಗುರವಾಗಿ ಮಾತಾಡದಿರುವುದು ಇಷ್ಟೇ ಮುಖ್ಯ.

ಇದೆಲ್ಲ ತಿಂಗಳುಗಳ ಲೆಕ್ಕಕ್ಕೆ ಬರುವುದಲ್ಲ, ವರ್ಷಗಳೇ ಹಿಡಿಯುತ್ತವೆ. ಹರೆಯಕ್ಕೆ ಬಂದ ಮಕ್ಕಳಾದರೆ ಇನ್ನೂ ನಿಧಾನ. ನಂಟು ಬೆಳೆಯುತ್ತಿರುವ ಗುರುತುಗಳು ಬಹಳ ಸಣ್ಣವು: ಕೇಳದೆಯೇ ಬಂದು ಜಡೆ ಹಾಕಿಸಿಕೊಳ್ಳಲು ಕೂರುವುದು, ಅಪ್ಪನ ಮೇಲಿನ ದೂರನ್ನು ಚಿಕ್ಕಮ್ಮನ ಬಳಿ ಹೇಳುವುದು. ಊಟ, ನಿದ್ದೆ, ಓದು ಮೂರೂ ವಾರಗಟ್ಟಲೆ ಕೆಟ್ಟು ಮಗು ಯಾರೊಡನೆಯೂ ಮಾತಾಡದಿದ್ದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಧಾರೆಯ ಹೊತ್ತಿನ ಆ "ಅಮ್ಮಾ ಅಂತಲೇ ಕರಿ" ಎಂಬ ಮಾತಿಗೆ ಮರಳೋಣ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಕಲಮಿನಲ್ಲಿ ತಂದೆ, ತಾಯಿ ಎಂದರೆ ಮಲತಂದೆ, ಮಲತಾಯಿ ಸೇರುವುದಿಲ್ಲ. ಕಾನೂನು ಕೊಡದ ಆ ಸ್ಥಾನವನ್ನು ಮದುವೆ ಮಂಟಪದಲ್ಲಿ ನೆಂಟರೂ ಹೇರಬಾರದು. ಏನೆಂದು ಕರೆಯಬೇಕು ಎಂಬುದನ್ನು ದಯವಿಟ್ಟು ಮಗುವಿಗೇ ಬಿಡಿ.