ಅರ್ಧ ಇಳಿದ ರೆಸಿಪಿಯ ಅಪಾಯ

ಡೇರಿಯ ಒಂದೇ ತೊಟ್ಟಿಯಲ್ಲಿ ಬೆಳಿಗ್ಗೆ ಮೊಸರಿಗೆ ಹಾಲು ಕಾಯುತ್ತದೆ, ಮಧ್ಯಾಹ್ನ ಕುಡಿಯುವ ಹಾಲಿನ ಪಾಶ್ಚರೀಕರಣ ನಡೆಯುತ್ತದೆ. ಮೊಸರಿನ ಹಾಲಿಗೆ 90 ಡಿಗ್ರಿ ಸೆಲ್ಸಿಯಸ್, 5 ನಿಮಿಷ. ಕುಡಿಯುವ ಹಾಲಿಗೆ 63 ಡಿಗ್ರಿ, 30 ನಿಮಿಷ. ಈ ಅಂಕಿಗಳ ಪಟ್ಟಿಯೇ ರೆಸಿಪಿ. ಅದು ಕಂಪ್ಯೂಟರಿನಲ್ಲಿರುತ್ತದೆ, ಬ್ಯಾಚಿಗೆ ಮುನ್ನ ತೊಟ್ಟಿಯನ್ನು ನಡೆಸುವ ಕಂಟ್ರೋಲರಿಗೆ ಇಳಿಯುತ್ತದೆ.

ಇಳಿಯುವಾಗ ನಡುವೆ ಸಂಪರ್ಕ ಕಡಿದರೆ? ಹೊಸ 63 ಡಿಗ್ರಿ ಬಂದಿದೆ, ಆದರೆ ಹಳೆಯ 5 ನಿಮಿಷ ಹಾಗೇ ಉಳಿದಿದೆ. ಎರಡೂ ಅಂಕಿಗಳು ತಮ್ಮ ತಮ್ಮ ಮಿತಿಯೊಳಗೇ ಇವೆ, ಆದ್ದರಿಂದ ಅಲಾರಂ ಕೂಗುವುದಿಲ್ಲ. ಆದರೆ ರೋಗಾಣುಗಳು ಸಾಯದ ಹಾಲು ಹೊರಬರುತ್ತದೆ.

ಅದಕ್ಕೇ ಅಂಕಿಗಳನ್ನು ನೇರವಾಗಿ ಚಾಲ್ತಿ ಜಾಗಕ್ಕೆ ಬರೆಯಬಾರದು. ಮೊದಲು ಕಂಟ್ರೋಲರಿನ ಒಂದು ತಾತ್ಕಾಲಿಕ ಜಾಗದಲ್ಲಿ ಇಡೀ ಪಟ್ಟಿ ಇಳಿಯಬೇಕು. ಕಂಪ್ಯೂಟರ್ ಅದನ್ನು ಮತ್ತೆ ಓದಿ, ತಾನು ಕಳಿಸಿದ್ದರ ಜೊತೆ ಸಾಲುಸಾಲಾಗಿ ಹೋಲಿಸಬೇಕು. ಉಷ್ಣತೆ ಮತ್ತು ಸಮಯವನ್ನು ಜೋಡಿಯಾಗಿಯೇ ಪರೀಕ್ಷಿಸಬೇಕು. ಎಲ್ಲ ಸರಿಯಿದ್ದು, ತೊಟ್ಟಿಯಲ್ಲಿ ಬ್ಯಾಚ್ ನಡೆಯುತ್ತಿಲ್ಲವೆಂದು ಖಚಿತವಾದ ಮೇಲೆ, ಕಂಟ್ರೋಲರ್ ಇಡೀ ಪಟ್ಟಿಯನ್ನು ಒಂದೇ ಸಲಕ್ಕೆ ಚಾಲ್ತಿಗೆ ತರಬೇಕು. ನಡುವೆ ತಪ್ಪಿದರೆ ಹಳೆಯ ರೆಸಿಪಿ ಪೂರ್ತಿಯಾಗಿ ಉಳಿಯುತ್ತದೆ, ಹೊಸ ಬ್ಯಾಚ್ ಶುರುವಾಗುವುದಿಲ್ಲ.

ಇಷ್ಟಾದರೂ ರೆಸಿಪಿಯನ್ನೇ ತಪ್ಪಾಗಿ ಬರೆದಿದ್ದರೆ ಈ ಕ್ರಮ ಕಾಪಾಡದು. ಆದ್ದರಿಂದ ಬದಲಾವಣೆಯನ್ನು ಇನ್ನೊಬ್ಬರು ಒಪ್ಪಬೇಕು, ಹಳೆಯ ಆವೃತ್ತಿ ಅಳಿಯದೆ ಉಳಿಯಬೇಕು. ಬ್ಯಾಚ್ ವರದಿಯಲ್ಲಿ ರೆಸಿಪಿಯ ಹೆಸರು ಸಾಲದು. ಕಂಟ್ರೋಲರ್ ನಿಜಕ್ಕೂ ಬಳಸಿದ ಅಂಕಿಗಳೇ ಅಲ್ಲಿರಬೇಕು.