ಉತ್ತರ ಸರಿ, ಲೆಕ್ಕ ತಪ್ಪು

ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಉತ್ತರ ಪತ್ರಿಕೆಗಳನ್ನು ತಿದ್ದುವವರಿಗೆ ಅಯಾನಿಕ ಸಮತೋಲನದ ಲೆಕ್ಕ ಬಂದರೆ ಕೆಂಪು ಪೆನ್ನು ಸ್ವಲ್ಪ ನಿಧಾನವಾಗುತ್ತದೆ. ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: 0.10 M ಅಸಿಟಿಕ್ ಆಮ್ಲ ಮತ್ತು 0.20 M ಸೋಡಿಯಂ ಅಸಿಟೇಟ್ ಇರುವ ಬಫರ್ ದ್ರಾವಣದ ಪಿಎಚ್ ಎಷ್ಟು? ಆಮ್ಲದ Ka ಬೆಲೆ 1.8 × 10⁻⁵. ಉತ್ತರ 5.04. ಒಬ್ಬ ವಿದ್ಯಾರ್ಥಿ ಸೂತ್ರ ಬರೆದು, ಬೆಲೆಗಳನ್ನು ಹಾಕಿ, 5.04ಕ್ಕೆ ಬಂದು ನಿಂತಿದ್ದಾನೆ. ಪೂರ್ಣ ಅಂಕ ಕೊಟ್ಟು ಮುಂದಿನ ಪುಟಕ್ಕೆ ಹೋಗೋಣ ಎನ್ನುವಷ್ಟರಲ್ಲಿ ನಡುವಿನ ಸಾಲು ಕಣ್ಣಿಗೆ ಬೀಳುತ್ತದೆ:

pH = 4.74 + log (0.10/0.20) = 4.74 + 0.30

ಇಲ್ಲಿ ತಪ್ಪು ಒಂದಲ್ಲ, ಎರಡು. ಲವಣ ಮೇಲಿರಬೇಕಾದ ಭಿನ್ನರಾಶಿಯಲ್ಲಿ ಆಮ್ಲ ಮೇಲೆ ಹೋಗಿದೆ. ಆಮೇಲೆ ಅರ್ಧದ ಲಾಗ್ −0.30 ಆಗಬೇಕಿದ್ದದ್ದು ಮೈನಸ್ ಕಳೆದುಕೊಂಡು +0.30 ಆಗಿದೆ. ಒಂದು ತಪ್ಪು ಇನ್ನೊಂದನ್ನು ಅಳಿಸಿಹಾಕಿ ಸರಿ ಉತ್ತರ ತಂದುಕೊಟ್ಟಿದೆ. ಅದೇ ಹುಡುಗ ಆ ಒಂದು ಸಾಲನ್ನು ಹಾರಿಸಿ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಭಿನ್ನರಾಶಿ ತಲೆಕೆಳಗಾಗುವುದು ಬರೀ ಅಜಾಗರೂಕತೆಯಿಂದಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ಅಮೆರಿಕದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಬಫರ್ ಸಂಬಂಧವನ್ನು ಬರೆದಾಗ ಅದರಲ್ಲಿ ಲಾಗ್ ಇರಲಿಲ್ಲ. ಹೈಡ್ರೋಜನ್ ಅಯಾನಿನ ಸಾರತೆ ಎಂದರೆ Kaಯನ್ನು ಆಮ್ಲ ಮತ್ತು ಲವಣದ ಅನುಪಾತದಿಂದ ಗುಣಿಸಿದ್ದು, ಅಷ್ಟೇ. ಅಲ್ಲಿ ಆಮ್ಲ ಮೇಲೆ, ಲವಣ ಕೆಳಗೆ. ಮರುವರ್ಷ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸನ್ ಪಿಎಚ್ ಅಳತೆಯನ್ನು ತಂದ. ಹೈಡ್ರೋಜನ್ ಅಯಾನಿನ ಸಾರತೆಯ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಅದೇ ಪಿಎಚ್. ನಂತರ ಡೆನ್ಮಾರ್ಕಿನವನೇ ಆದ ಹ್ಯಾಸೆಲ್‌ಬಾಲ್ಕ್ ಹೆಂಡರ್ಸನ್ನನ ಸಂಬಂಧಕ್ಕೆ ಈ ಲಾಗ್ ರೂಪ ಕೊಟ್ಟ. ಮೈನಸ್ ಒಳಗೆ ಹೋದಾಗ ಅನುಪಾತ ತಿರುಗಿತು, ಲವಣ ಮೇಲೇರಿತು:

pH = pKa + log ([ಲವಣ]/[ಆಮ್ಲ])

ತರಗತಿಯಲ್ಲಿ ಎರಡೂ ರೂಪಗಳನ್ನು ಕಂಡ ವಿದ್ಯಾರ್ಥಿ ಒಂದರ ಭಿನ್ನರಾಶಿಯನ್ನು ಇನ್ನೊಂದರ ಚಿಹ್ನೆಗೆ ಜೋಡಿಸಿಬಿಡುತ್ತಾನೆ. ಆದರೆ pH = pKa − log ([ಆಮ್ಲ]/[ಲವಣ]) ಎಂದು ಬರೆದವನದು ಪೂರ್ತಿ ಸರಿ. ಮಾದರಿ ಉತ್ತರದಲ್ಲಿ ಈ ರೂಪ ಇಲ್ಲ ಎಂದು ಇದಕ್ಕೆ ಅಂಕ ಕತ್ತರಿಸಿದರೆ ತಪ್ಪು ತಿದ್ದಿದವರದೇ.

ಭಿನ್ನರಾಶಿಯನ್ನು ತಿರುವಿ, ಲಾಗ್ ಮಾತ್ರ ಸರಿಯಾಗಿ ತೆಗೆದವನಿಗೆ 4.44 ಬರುತ್ತದೆ. 5.04ಕ್ಕೂ 4.44ಕ್ಕೂ ಇರುವ 0.60 ಅಂತರ ನೋಡಲು ಚಿಕ್ಕದು, ಆದರೆ ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಅದು ನಾಲ್ಕು ಪಟ್ಟು. ಇದು ತಪ್ಪೆಂದು ತಿಳಿಯಲು ಲಾಗ್ ಟೇಬಲ್ ಕೂಡ ಬೇಡ. ಆಮ್ಲ ಮತ್ತು ಲವಣ ಸಮ ಇದ್ದಾಗ ಪಿಎಚ್ ನೇರವಾಗಿ pKa, ಅಂದರೆ 4.74. ಇಲ್ಲಿ ಲವಣ ಹೆಚ್ಚಿದೆ, ಹಾಗಾಗಿ ಪಿಎಚ್ 4.74ನ್ನು ದಾಟಲೇಬೇಕು. ದಾಟದಿದ್ದರೆ ಎಲ್ಲೋ ಚಿಹ್ನೆ ಎಡವಿದೆ.

ಲಾಗ್ ಟೇಬಲ್ ಬಳಸುವವರ ತಪ್ಪುಗಳ ಜಾತಿಯೇ ಬೇರೆ. ಒಂದಕ್ಕಿಂತ ಚಿಕ್ಕ ಸಂಖ್ಯೆಯ ಲಾಗನ್ನು ಟೇಬಲ್ ಪದ್ಧತಿಯಲ್ಲಿ ಬಾರ್ ಹಾಕಿ ಬರೆಯುತ್ತಾರೆ. 1.8 × 10⁻⁵ರ ಲಾಗ್ 5̄.2553, ಓದುವುದು ‘ಬಾರ್ ಫೈವ್ ಪಾಯಿಂಟ್...’ ಎಂದು. ಬಾರ್ ಇರುವುದು 5ರ ಮೇಲೆ ಮಾತ್ರ. ಚುಕ್ಕೆಯ ಬಲಗಡೆಯದು ಯಾವಾಗಲೂ ಧನಾತ್ಮಕ. ಆದ್ದರಿಂದ ಇದರ ಅರ್ಥ −5 + 0.2553, ಅಂದರೆ −4.7447. ಚಿಹ್ನೆ ಬದಲಿಸಿದರೆ pKa 4.74. ಬಾರನ್ನು ಇಡೀ ಸಂಖ್ಯೆಗೆ ಅಂಟಿಸಿಕೊಂಡವನು −5.2553 ಎಂದು ಓದಿ pKa 5.26 ಎನ್ನುತ್ತಾನೆ. ಅಸಿಟಿಕ್ ಆಮ್ಲದ ಲೆಕ್ಕದಲ್ಲಿ 5.26 ಕಂಡರೆ ಅನುಭವಿ ಮೇಷ್ಟ್ರಿಗೆ ನಡುವಿನ ಸಾಲುಗಳು ಬೇಕಾಗುವುದಿಲ್ಲ, ಬಾರ್ ಕೆಲಸ ಕೆಡಿಸಿದೆ ಎಂದು ಅಂಕಿಯೇ ಹೇಳುತ್ತದೆ.

ಇದೇ ರೋಗ ಅನುಪಾತಕ್ಕೂ ಹಿಡಿಯಬಹುದು. ಭಿನ್ನರಾಶಿಯನ್ನು ತಿರುವಿ, ಅರ್ಧದ ಲಾಗ್ 1̄.6990 ಎಂದು ಟೇಬಲ್ಲಿನಿಂದ ಸರಿಯಾಗಿಯೇ ತೆಗೆದು, ಅದನ್ನು −1.6990 ಎಂದು ಕಳೆದವನಿಗೆ ಸಿಗುವುದು 3.04. ಬರೀ 0.10 M ಅಸಿಟಿಕ್ ಆಮ್ಲದ ಪಿಎಚ್ 2.87. ಅದಕ್ಕೆ ಎರಡರಷ್ಟು ಅಸಿಟೇಟ್ ಸುರಿದ ಮೇಲೂ ಪಿಎಚ್ ಅಷ್ಟರಲ್ಲೇ ಉಳಿಯಿತು ಎಂದರೆ ಯಾವ ಬಫರೂ ಒಪ್ಪದು.

ಕೈಬರಹ ಇದನ್ನೆಲ್ಲ ಇನ್ನಷ್ಟು ತೊಡಕಾಗಿಸುತ್ತದೆ. ಗೆರೆ ಹಾಕಿದ ಹಾಳೆಯಲ್ಲಿ ಬಾರ್ ಎಳೆದರೆ ಅದು ಮೇಲಿನ ಗೆರೆಯೊಳಗೇ ಕರಗಿಹೋಗಬಹುದು. ಘಾತದ ಪುಟ್ಟ ಮೈನಸ್ ಹತ್ತರ ಸೊನ್ನೆಗೆ ತಾಗಿಕೊಂಡಿರುತ್ತದೆ. ಇಂಥಲ್ಲಿ ಚಿಹ್ನೆ ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡುವುದಕ್ಕಿಂತ ಮುಂದಿನ ಸಾಲಿಗೆ ಹೋಗುವುದು ಒಳ್ಳೆಯದು. ಅಲ್ಲಿ 4.74 ಬಂದಿದ್ದರೆ ಬರೆದವನ ಮನಸ್ಸಿನಲ್ಲಿ ಬಾರ್ ಇತ್ತು. 5.26 ಬಂದಿದ್ದರೆ ಬಾರ್ ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ.

ಇನ್ನು ಅಂಕದ ಮಾತು. ಮೂರು ಅಂಕದ ಲೆಕ್ಕವನ್ನು ಸೂತ್ರಕ್ಕೊಂದು, ಬೆಲೆ ಹಾಕಿದ್ದಕ್ಕೊಂದು, ಉತ್ತರಕ್ಕೊಂದು ಎಂದು ಹಂಚಿದ್ದಾರೆ ಎನ್ನೋಣ. pKaಯನ್ನು 5.26 ಎಂದು ತಪ್ಪಾಗಿ ತೆಗೆದು, ಉಳಿದುದನ್ನೆಲ್ಲ ನೇರವಾಗಿ ಮಾಡಿ 5.56ಕ್ಕೆ ಬಂದ ವಿದ್ಯಾರ್ಥಿಗೆ ಒಂದೇ ಅಂಕ ಹೋಗಬೇಕು. ಒಮ್ಮೆ ದಂಡ ತೆತ್ತ ತಪ್ಪಿಗೆ ಕೆಳಗಿನ ಸಾಲುಗಳಲ್ಲಿ ಮತ್ತೆ ಕತ್ತರಿ ಹಾಕಬಾರದು. ಬ್ರಿಟನ್ನಿನ ಪರೀಕ್ಷಾ ಮಂಡಳಿಗಳಲ್ಲಿ ಇದಕ್ಕೆ ಎರರ್ ಕ್ಯಾರಿಡ್ ಫಾರ್ವರ್ಡ್ ಎಂಬ ನಿಯಮವೇ ಇದೆ. ಮೊದಲು ಕಂಡ ಹುಡುಗನ ಕಥೆ ಇದಕ್ಕೆ ತಿರುಗುಮುರುಗು. ಅವನ ಉತ್ತರ ಸರಿ, ಆದರೆ ಭಿನ್ನರಾಶಿಯೂ ಚಿಹ್ನೆಯೂ ತಪ್ಪು. ಕೊನೆಯ ಅಂಕಿ ಹೊಂದಿತು ಎಂಬ ಒಂದೇ ಕಾರಣಕ್ಕೆ ಅವನಿಗೆ ಮೂರೂ ಅಂಕ ಕೊಟ್ಟರೆ, 5.56 ಬರೆದವನಿಗೆ ಅನ್ಯಾಯ.

ಸಾಲು ಹಾರಿಸಿದವರನ್ನೆಲ್ಲ ಅನುಮಾನಿಸಬೇಕೆಂದಲ್ಲ. ‘4.74 + log 2 = 5.04’ ಎಂದಷ್ಟೇ ಬರೆದರೂ ಅನುಪಾತ ಯಾವ ದಿಕ್ಕಿನಲ್ಲಿದೆ ಎಂದು ಕಾಣುತ್ತದೆ, ಅಷ್ಟು ಸಾಕು. 5.05 ಬಂದಿದ್ದರೂ ಒಪ್ಪಬೇಕು. ಹೆಂಡರ್ಸನ್ ರೂಪದಲ್ಲಿ ಹೋದವನಿಗೆ ಸಿಗುವುದು 9.0 × 10⁻⁶. ಅದರ ಪಿಎಚ್ 6 − 0.9542, ಅಂದರೆ 5.0458. pKaಯನ್ನು ಮೊದಲೇ ಎರಡು ದಶಾಂಶಕ್ಕೆ ಇಳಿಸಿದವನು ಮಾತ್ರ 5.04ಕ್ಕೆ ಬರುತ್ತಾನೆ. ಮಾದರಿ ಉತ್ತರವನ್ನು ಹಿಡಿದುಕೊಂಡೇ ತಿದ್ದುವವರು ಹೆಚ್ಚು ನಿಖರವಾಗಿ ಲೆಕ್ಕ ಮಾಡಿದವನನ್ನೇ ಹೊಡೆದುಹಾಕುವ ಅಪಾಯ ಇಲ್ಲಿದೆ.

ಅಮೋನಿಯಾ ಬಫರಿನಲ್ಲಿ ಇನ್ನೊಂದು ಮೆಟ್ಟಿಲು ಇದೆ. ಮೊದಲು pOH, ಆಮೇಲೆ ಅದನ್ನು 14ರಿಂದ ಕಳೆಯಬೇಕು. ಅಲ್ಲಿ ಲವಣ ಹೆಚ್ಚಿದ್ದಾಗ ಅನುಪಾತ ತಿರುವಿದರೆ ಪಿಎಚ್ ಇಳಿಯುವ ಬದಲು ಏರುತ್ತದೆ. ಅಸಿಟೇಟ್ ಲೆಕ್ಕದಲ್ಲಿ ಕೆಳಗೆ ಬಿದ್ದ ಉತ್ತರಗಳನ್ನು ನೋಡಿ ಪಳಗಿದ ಕಣ್ಣು ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ.

ಕೆಲವೊಮ್ಮೆ ಪ್ರಶ್ನೆಯೇ ತಪ್ಪನ್ನು ಮುಚ್ಚಿಡುತ್ತದೆ. ಆಮ್ಲ 0.10 M, ಲವಣವೂ 0.10 M ಎಂದು ಕೊಟ್ಟರೆ ಅನುಪಾತ 1, ಅದರ ಲಾಗ್ ಸೊನ್ನೆ. ಭಿನ್ನರಾಶಿಯನ್ನು ತಿರುವಿದವನಿಗೂ, ಕೂಡುವ ಕಡೆ ಕಳೆದವನಿಗೂ, ಎಲ್ಲ ಸರಿಯಾಗಿ ಮಾಡಿದವನಿಗೂ ಬರುವುದು ಅದೇ 4.74. ಮೂವರೂ ನಡುವಿನ ಸಾಲು ಹಾರಿಸಿದ್ದರೆ, ಆ ಮೂರು ಉತ್ತರಗಳನ್ನು ಬೇರ್ಪಡಿಸಲು ಯಾವ ಮೌಲ್ಯಮಾಪಕನಿಂದಲೂ ಆಗದು.