ತೀರ್ಮಾನ ಮೊದಲು, ಆಹ್ವಾನ ಆಮೇಲೆ

ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಸಿಎನ್‌ಸಿ ಯಂತ್ರಗಳಲ್ಲಿ ಉಕ್ಕಿನ ಶಾಫ್ಟ್ ಮಾಡಿ, ದ್ವಿಚಕ್ರ ವಾಹನ ತಯಾರಿಸುವ ದೊಡ್ಡ ಕಂಪನಿಗೆ ಕೊಡುತ್ತದೆ. ಇದರ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಪಾಲು ಆ ಒಂದೇ ಕಂಪನಿಯದು. ಮೂರು ತಿಂಗಳಿಗೊಮ್ಮೆ ಎರಡೂ ಕಡೆಯವರು ಕೂತು ಆದದ್ದನ್ನು ಅಳೆದು, ಆಗಬೇಕಾದದ್ದನ್ನು ಗೊತ್ತುಮಾಡುವ ಸಭೆಗೆ ತ್ರೈಮಾಸಿಕ ವ್ಯವಹಾರ ಪರಿಶೀಲನೆ ಎಂದು ಹೆಸರು. ಕಚೇರಿಯವರ ಬಾಯಲ್ಲಿ ಅದು ಕ್ಯೂಬಿಆರ್.

‘ದಯವಿಟ್ಟು ಬನ್ನಿ, ಪ್ರಗತಿಯ ಬಗ್ಗೆ ಚರ್ಚಿಸೋಣ’ ಎಂದಷ್ಟೇ ಬರೆದರೆ ಖರೀದಿ ವಿಭಾಗದಿಂದ ಕಿರಿಯ ಅಧಿಕಾರಿಯೊಬ್ಬರು ಬರುತ್ತಾರೆ, ಸ್ಲೈಡುಗಳನ್ನು ನೋಡುತ್ತಾರೆ, ‘ಮೇಲಿನವರಿಗೆ ಹೇಳುತ್ತೇನೆ’ ಎಂದು ಹೊರಡುತ್ತಾರೆ. ಇದನ್ನು ತಪ್ಪಿಸಬೇಕಾದರೆ ಪತ್ರವನ್ನು ಕೊನೆಯಿಂದ ಹಿಂದಕ್ಕೆ ಕಟ್ಟಬೇಕು. ಯಾವ ತೀರ್ಮಾನ ಬೇಕು ಎಂಬುದು ಮೊದಲು. ಅದಕ್ಕೆ ಯಾವ ಅಂಕಿ ಅಂಶ ಬೇಕು, ಯಾರು ಬರಬೇಕು, ಎಷ್ಟು ಹೊತ್ತು ಬೇಕು ಎಂಬುದು ಆಮೇಲೆ.

ನಮ್ಮ ಕಾರ್ಖಾನೆಗೆ ಎರಡು ತೀರ್ಮಾನ ಬೇಕು ಎನ್ನೋಣ. ಒಂದು, ಮುಂದಿನ ಎರಡು ವಾರಗಳ ಬೇಡಿಕೆಪಟ್ಟಿಯನ್ನು ಮಧ್ಯದಲ್ಲಿ ಬದಲಿಸಬಾರದು. ಇನ್ನೊಂದು, ಉಕ್ಕಿನ ಬೆಲೆ ಏರಿದ್ದರಿಂದ ಶಾಫ್ಟಿನ ದರ ಪರಿಷ್ಕರಿಸಬೇಕು. ಮೊದಲನೆಯದು ಉತ್ಪಾದನಾ ಯೋಜನೆಯವರ ಕೈಯಲ್ಲಿದೆ, ಎರಡನೆಯದು ಖರೀದಿ ಮುಖ್ಯಸ್ಥರ ಕೈಯಲ್ಲಿ. ಹಾಗಾಗಿ ಪತ್ರದಲ್ಲಿ ಈ ಇಬ್ಬರ ಹಾಜರಾತಿಯನ್ನೇ ಕೋರಬೇಕು. ಬರಲಾಗದಿದ್ದರೆ ಒಪ್ಪಿಗೆ ಕೊಡುವ ಅಧಿಕಾರವುಳ್ಳ ಬೇರೊಬ್ಬರನ್ನು ಕಳುಹಿಸಲು ಕೇಳಬೇಕು.

ಅಂಕಿ ಅಂಶದಲ್ಲೇ ಸಭೆಗಳು ಹೆಚ್ಚಾಗಿ ಎಡವುವುದು. ಮೂರು ತಿಂಗಳಲ್ಲಿ 60 ಲೋಡು ಹೋಗಿವೆ. ಕಾರ್ಖಾನೆಯ ಪುಸ್ತಕದ ಪ್ರಕಾರ 57 ಸಮಯಕ್ಕೆ ಸರಿಯಾಗಿ, ಅಂದರೆ ಶೇ 95. ಗ್ರಾಹಕರ ಪುಸ್ತಕದಲ್ಲಿ 51 ಮಾತ್ರ, ಶೇ 85. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಾರ್ಖಾನೆ ಲಾರಿ ಹೊರಟ ದಿನವನ್ನು ಎಣಿಸಿದೆ, ಗ್ರಾಹಕರು ತಮ್ಮ ಗೇಟಿನೊಳಗೆ ಬಂದ ದಿನವನ್ನು. ಇದು ಸಭೆಯಲ್ಲಿ ಗೊತ್ತಾದರೆ ಅರ್ಧ ಗಂಟೆ ವಾದಕ್ಕೇ ಹೋಗುತ್ತದೆ. ಒಂದು ವಾರ ಮೊದಲೇ ಇನ್‌ವಾಯ್ಸ್ ಸಂಖ್ಯೆ ಸಮೇತ ಪಟ್ಟಿ ಕಳುಹಿಸಿ ತಾಳೆ ನೋಡಬೇಕು, ಅಳತೆಗೆ ಗ್ರಾಹಕರ ಗೇಟಿನ ದಿನಾಂಕವನ್ನೇ ಒಪ್ಪಿಕೊಳ್ಳಬೇಕು. ಹಾಗೆ ನೋಡಿದಾಗ ತಡವಾದ 9 ಲೋಡುಗಳಲ್ಲಿ 5, ಗ್ರಾಹಕರೇ ಕೊನೆಯ ವಾರದಲ್ಲಿ ಬೇಡಿಕೆ ಬದಲಿಸಿದವು ಎಂದು ಕಂಡರೆ, ಮೊದಲ ಕೋರಿಕೆಗೆ ಬೇರೆ ವಾದವೇ ಬೇಡ. ಉಳಿದ 4 ತಮ್ಮ ತಪ್ಪು ಎಂದು ಕಾರ್ಖಾನೆ ಪತ್ರದಲ್ಲೇ ಒಪ್ಪಿಕೊಂಡರೆ ಆ ಐದರ ಮಾತಿಗೆ ತೂಕ ಬರುತ್ತದೆ.

ದರದ ಲೆಕ್ಕವೂ ಹೀಗೆಯೇ ಬಿಚ್ಚಿಟ್ಟಿರಬೇಕು. ಒಂದು ಶಾಫ್ಟಿಗೆ 1.2 ಕೆ.ಜಿ. ಉಕ್ಕು ಬೇಕು, ಕೆ.ಜಿ.ಗೆ 4 ರೂಪಾಯಿ ಏರಿದ್ದರೆ ಹೆಚ್ಚುವರಿ ಖರ್ಚು 4.80 ರೂಪಾಯಿ. ಆದರೆ ಅದರಲ್ಲಿ 0.3 ಕೆ.ಜಿ. ಚೂರಾಗಿ ಗುಜರಿಗೆ ಹೋಗುತ್ತದೆ. ಗುಜರಿಯ ಬೆಲೆಯೂ ಕೆ.ಜಿ.ಗೆ 2 ರೂಪಾಯಿ ಏರಿದ್ದರೆ 60 ಪೈಸೆ ವಾಪಸು ಬಂದಂತೆ. ಕೇಳಬೇಕಾದದ್ದು 4.20 ರೂಪಾಯಿ. ಆ 60 ಪೈಸೆಯನ್ನು ಬಿಟ್ಟರೆ ಖರೀದಿಯವರು ಅದನ್ನೇ ಹಿಡಿದು ಇಡೀ ಲೆಕ್ಕವನ್ನು ಅನುಮಾನಿಸುತ್ತಾರೆ. ಉಕ್ಕಿನ ಇನ್‌ವಾಯ್ಸ್ ಪ್ರತಿ ಜೊತೆಗಿರಲಿ. ಬೇರೆ ಗ್ರಾಹಕರ ದರವಾಗಲಿ, ಕಾರ್ಖಾನೆಯ ಪೂರ್ತಿ ಖರ್ಚುಪಟ್ಟಿಯಾಗಲಿ ಬೇಡ.

ಏಪ್ರಿಲ್–ಜೂನ್ ಅವಧಿಗೆ ಜುಲೈ ಮೂರನೇ ವಾರ ಒಳ್ಳೆಯದು. ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ, ತಿಂಗಳ ಕೊನೆಯ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಮೂರು ವಾರ ಮುಂಚೆ ಹೋಗುವ ಪತ್ರದ ತಿರುಳು ಹೀಗಿರಬಹುದು:

‘ಮಾನ್ಯರೇ, ಏಪ್ರಿಲ್–ಜೂನ್ ಅವಧಿಯ ಪರಿಶೀಲನೆಗೆ ತಮ್ಮನ್ನೂ ಉತ್ಪಾದನಾ ಯೋಜನೆಯ ಮುಖ್ಯಸ್ಥರನ್ನೂ ಆಹ್ವಾನಿಸುತ್ತಿದ್ದೇವೆ. ಒಟ್ಟು 90 ನಿಮಿಷ. ಕಳೆದ ಸಭೆಯ ಬಾಕಿ ಕೆಲಸಗಳಿಗೆ 10, ಸರಬರಾಜು ಮತ್ತು ಗುಣಮಟ್ಟಕ್ಕೆ 20, ತಮ್ಮ ಮುಂದಿನ ಮೂರು ತಿಂಗಳ ಬೇಡಿಕೆಗೆ 15, ತೀರ್ಮಾನಗಳಿಗೆ 35, ನಡಾವಳಿ ಬರೆದು ಓದಲು 10. ಕೋರುವ ತೀರ್ಮಾನಗಳು ಎರಡು: ಆಗಸ್ಟ್ 1ರಿಂದ ಎರಡು ವಾರಗಳ ಬೇಡಿಕೆಪಟ್ಟಿ ಬದಲಾಗದಂತೆ ಒಪ್ಪಿಗೆ, ಅದೇ ದಿನದಿಂದ ಶಾಫ್ಟಿಗೆ 4.20 ರೂಪಾಯಿ ದರ ಹೆಚ್ಚಳ. ಅಂಕಿ ಅಂಶ ಒಂದು ವಾರ ಮೊದಲು ತಲುಪುತ್ತದೆ. ತಮ್ಮ ದಾಖಲೆಗೆ ಹೊಂದದಿದ್ದರೆ ಸಭೆಗೆ ಎರಡು ದಿನ ಮುಂಚೆ ತಿಳಿಸಿ.’

ಬಾಕಿ ಹಣದ ಜಗಳವನ್ನು ಈ ಪತ್ರಕ್ಕೆ ಸೇರಿಸಬೇಡಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಅದನ್ನು ಲೆಕ್ಕಪತ್ರ ವಿಭಾಗದ ಜೊತೆ ಬೇರೆಯಾಗಿಯೇ ಕೇಳುವುದು ಸರಿ.

ಸಭೆ ಫಲಿಸಿತೇ ಎಂದು ತಿಳಿಯಲು ನಡಾವಳಿ ನೋಡಿ. ಪ್ರತಿ ತೀರ್ಮಾನದ ಎದುರು ಒಬ್ಬರ ಹೆಸರು, ಒಂದು ದಿನಾಂಕ ಇರಬೇಕು. ‘ಪರಿಶೀಲಿಸಲಾಗುವುದು’ ಎಂದಷ್ಟೇ ಇದ್ದರೆ ಮುಂದಿನ ಆಹ್ವಾನವನ್ನು ಅದೇ ಪ್ರಶ್ನೆಯಿಂದ ಶುರುಮಾಡಿ.